ಆಪ್ ಮುಗೀತು ಅಂತ ಹೇಳೋದು ಯಾರು? ಗಂಜಿನ ತೊಗರಿ ಪಟ್ಟಿ ಇಟ್ಕೊಂಡು ಒಂದು ಕ್ವಾಲಿಟಿ ಪ್ಲಾನ್

ಕಲಬುರಗಿ ಗಂಜಿನಾಗ ತೊಗರಿ ಸೀಜನ್ ಅಂದ್ರ ಡಿಸೆಂಬರ್ ಕೊನಿಗೆ ಶುರು ಆಗಿ ಮೂರು ತಿಂಗಳು ಉಸಿರು ಬಿಡ್ಲಾಕ ಆಗಲ್ಲ, ಅಂಥಾದ್ರಾಗ ಒಬ್ಬ ಅಡತ್ ಸಾಹುಕಾರ್ರು ನಮಗ ಒಂದು ಸಣ್ಣ ಆಪ್ ಕೇಳಿದ್ರು. ರೈತನ ಚೀಲ ಕಾಟಾದ ಮ್ಯಾಲ ತೂಗಬೇಕು, ಮುನೀಮ ಮೊಬೈಲಿನಾಗ ತೂಕ ಹಾಕಬೇಕು, ತೂಕ, ರೇಟು, ರೊಕ್ಕದ ಲೆಕ್ಕ ಬರದ ಪಟ್ಟಿ ಪ್ರಿಂಟ್ ಆಗಿ ಬರಬೇಕು, ಇಷ್ಟ. ನಾವು ಮೂರು ಮಂದಿ, ಒಬ್ಬ ಆಂಡ್ರಾಯ್ಡ್ ಮಾಡ್ತಾನ, ಒಬ್ಬ ಸರ್ವರ್ ನೋಡ್ತಾನ, ಟೆಸ್ಟಿಂಗು ಮತ್ತ ಕಸ್ಟಮರ್ ಜೋಡಿ ಮಾತಾಡೋದು ನನ್ನ ಪಾಲಿಗೆ. ಇಷ್ಟು ಸಣ್ಣ ಕೆಲಸಕ್ಕ ಕ್ವಾಲಿಟಿ ಪ್ಲಾನ್ ಯಾಕ್ ಬೇಕಂತ ಹುಡುಗೂರು ನಕ್ಕಿದ್ರು. ನಮ್ಮ ಪ್ಲಾನ್ ಅಂದ್ರ ಒಂದು ಹಾಳಿ ಮತ್ತ ಒಂದು ಗೂಗಲ್ ಶೀಟ್, ಅದನ್ನ ಹೆಂಗ್ ಮಾಡೋದು ಅಂತ ಹೇಳ್ತೀನಿ ನೋಡ್ರಿ.

ಮೊದಲು ಒಪ್ಪಿಗಿ ಷರತ್ತು ಬರೀರಿ, ಅದೂ ಅಂಕಿ ಹಾಕಿ

ನಾನು ಮೊದಲ ಸಲ ಬರ್ದಿದ್ದು ಹಿಂಗಿತ್ತು: ಲೆಕ್ಕ ಸರಿ ಬರಬೇಕು, ಆಪ್ ಫಾಸ್ಟ್ ಇರಬೇಕು, ನೆಟ್ ಇಲ್ಲದಿದ್ರೂ ನಡೀಬೇಕು. ಓದ್ಲಾಕ ಚಂದ ಅದ, ಆದ್ರ ಇದನ್ನ ಹಿಡಕೊಂಡು ಪಾಸೋ ಫೇಲೋ ಹೇಳ್ರಿ ಅಂದ್ರ ಯಾರಿಗೂ ಆಗಲ್ಲ. ಸಾಹುಕಾರ್ರು "ಫಾಸ್ಟ್ ಇಲ್ಲ" ಅಂತಾರ, ನಮ್ಮ ಹುಡುಗ "ಫಾಸ್ಟೇ ಅದ" ಅಂತಾನ, ಜಗಳ ಅಲ್ಲೇ ಶುರು.

ಹಂಗಾಗಿ ಅದನ್ನ ಹರಿದು ಒಗದು ಮುನೀಮರ ಬಾಜೂಕ ಕುಂತು, ಅವರ ಹಳೇ ಕಾಗದದ ಪಟ್ಟಿ ಒಂದು ಇಸಕೊಂಡೆ. 12 ಚೀಲ, ಒಟ್ಟು ತೂಕ 612.40 ಕೆಜಿ, ಬಾರದಾನ ಅಂದ್ರ ಖಾಲಿ ಚೀಲ, ಅದರ ತೂಕ ಒಂದಕ್ಕ 600 ಗ್ರಾಂ, ಕ್ವಿಂಟಲ್ ರೇಟು 7,350, ರೈತ ಮೊದಲೇ ಇಸಕೊಂಡ ಮುಂಗಡ 5,000. ಬಾರದಾನ 7.20 ಕೆಜಿ ಕಳದ್ರ 605.20 ಕೆಜಿ, ಅಂದ್ರ 6.052 ಕ್ವಿಂಟಲ್, ಅದಕ್ಕ ರೊಕ್ಕ 44,482 ರೂಪಾಯಿ 20 ಪೈಸೆ, ಮುಂಗಡ ತಗದು ಕೈಗೆ ಬರೋದು 39,482. ಈ ಒಂದು ಪಟ್ಟೀನೇ ನಮ್ಮ ಮೊದಲನೇ ಷರತ್ತು ಆತು. "ಈ ಐದು ಅಂಕಿ ಹಾಕಿದ್ರ ಸ್ಕ್ರೀನಿನ ಮ್ಯಾಲೂ ಪ್ರಿಂಟಿನಾಗೂ 39,482 ಬರಬೇಕು." ಇದಕ್ಕ ಯಾರೂ ತಕರಾರು ತಗೀಲಾಕ ಆಗಲ್ಲ.

ಹಿಂಗ ಕುಂತು ಕೇಳಿದಾಗೇ ಒಳಗಿನ ನಿಯಮ ಹೊರಗ ಬರ್ತಾವ. ಪೈಸೆ ಎಲ್ಲಿ ಬಿಡ್ತೀರಿ ಅಂತ ಕೇಳಿದೆ, "ನಡಬರಕ ಎಲ್ಲೂ ಬಿಡಂಗಿಲ್ರಿ, ಕೊನೀ ಮೊತ್ತದಾಗ ಮಾತ್ರ" ಅಂದ್ರು. ಮುಂಗಡ ಮಾಲಿನ ರೊಕ್ಕಕ್ಕಿಂತ ಜಾಸ್ತಿ ಇದ್ರ? ನಮ್ಮ ಹುಡುಗ ಅದಕ್ಕ ಎರರ್ ತೋರಿಸ್ಬೇಕು ಅಂತ ಅನ್ಕೊಂಡಿದ್ದ, ಮುನೀಮರು "ಎರರ್ ಯಾಕ್ರಿ, ರೈತನ ಖಾತಿಗೆ ಬಾಕಿ ಹಚ್ತೀವಿ" ಅಂದ್ರು. ಅಂದ್ರ ಮೈನಸ್ ಮೊತ್ತ ಇಲ್ಲಿ ತಪ್ಪಲ್ಲ. ಈ ಮಾತು ನೆನಪಿಡ್ರಿ, ಮುಂದ ನಮ್ಮನ್ನೇ ಕಡೀತು.

ಒಂದು ಸ್ಕ್ರೀನಿಗೆ ಹತ್ತು ಹನ್ನೆರಡು ಷರತ್ತು ಸಾಕು. ನಲವತ್ತು ಬರದ್ರ ಎರಡನೇ ವಾರದಾಗ ಯಾರೂ ಅದನ್ನ ತಗದು ನೋಡಂಗಿಲ್ಲ. ರೊಕ್ಕ, ತೂಕ, ಪಟ್ಟಿ ಕಳಿಯೋದು ಇವಕ್ಕ ಜಾಸ್ತಿ ಬರೀರಿ, ಬಟನ್ ಬಣ್ಣಕ್ಕ ಒಂದೂ ಬ್ಯಾಡ.

ಮೂರು ಕಡಿ ನಿಂತು ನೋಡ್ರಿ

ತಪಾಸಣಿ ಅಂದ್ರ ಎಲ್ಲಾ ಮುಗದ ಮ್ಯಾಲ ಕೊನಿಗೆ ಒಂದಿನ ಆಪ್ ಒತ್ತಿ ನೋಡೋದಲ್ಲ. ನಾವು ಮೂರು ಜಾಗ ಇಟ್ವಿ: ಕೋಡ್ ಒಳಗ ಸೇರಿಸೋಕಿಂತ ಮೊದಲು, ಹೊಸ ಬಿಲ್ಡ್ ಅಂದ್ರ ಆಪಿನ ಹೊಸ ಆವೃತ್ತಿ ಬಂದಾಗ, ಮತ್ತ ಅಂಗಡ್ಯಾಗ.

ಕೋಡ್ ನೋಡೋದು ಬರದವನು ಅಲ್ಲ, ಇನ್ನೊಬ್ಬ. ಇಬ್ರೇ ಇದ್ರೂ ಅದಲು ಬದಲು ಮಾಡ್ಕೊಳ್ರಿ, ಒಂದು ಸಲಕ್ಕ 200-300 ಸಾಲಿಗಿಂತ ಜಾಸ್ತಿ ಕೊಡಬ್ಯಾಡ್ರಿ, ಸಾವಿರ ಸಾಲು ಕೊಟ್ರ ಅಂವ ಬರೇ ಕೆಳಗ ಸರಿಸಿ ಓಕೆ ಅಂತಾನ. ನಮ್ಮ ಮೊದಲನೇ ಬಿಲ್ಡಿನಾಗ ಹಿಂಗೇ ಆತು, ಸೀಜನ್ ಬಂತಂತ ಅವಸರದಾಗ ಓದ್ದೇ ಬಿಟ್ವಿ, ಎರಡನೇ ಜಾಗದಾಗ, ಬಿಲ್ಡ್ ಬಂದ ಮ್ಯಾಲ ನಾನು ಆ ಐದು ಅಂಕಿ ಹಾಕಿದ್ರ 39,468 ಬಂತು. 14 ರೂಪಾಯಿ ಕಮ್ಮಿ. ಹುಡುಕಿದ್ರ ಈ ಎರಡು ಸಾಲು:

```kotlin
val quintal = "%.2f".format(kg / 100).toDouble()
val amount = quintal * rate
```

ಸ್ಕ್ರೀನಿನ ಮ್ಯಾಲ ಚಂದ ಕಾಣ್ಲಿ ಅಂತ 6.052 ಅನ್ನ 6.05 ಮಾಡಿ, ಆ ಮೊಟಕು ಅಂಕಿನೇ ರೇಟಿಗೆ ಗುಣಿಸ್ಯಾನ. ಮುನೀಮರು "ನಡಬರಕ ಬಿಡಂಗಿಲ್ಲ" ಅಂದಿದ್ದು ಇದನ್ನೇ. ಇದರಾಗ ಒಂದು ಪಟ್ಟಿಯೊಳಗ ರೈತ ಕಳಕೊಂಡ್ರ ಇನ್ನೊಂದರಾಗ ಸಾಹುಕಾರ್ರು ಕಳಕೋತಾರ, ದಿನದ ಕೊನಿಗೆ ಒಟ್ಟು ಲೆಕ್ಕದಾಗ ಫರಕ್ ಅಷ್ಟೇನ್ ಕಾಣ್ಸಂಗಿಲ್ಲ, ಅದಕ್ಕೇ ಇಂಥಾ ತಪ್ಪು ಒಂದೊಂದು ಪಟ್ಟಿ ಹಿಡದು ನೋಡಿದ್ರ ಮಾತ್ರ ಸಿಗ್ತದ.

ಸರಿ ಮಾಡೋ ದಾರಿ ಎಲ್ಲಾರಿಗೂ ಗೊತ್ತಿದ್ದಿದ್ದೇ, ತೂಕ ಗ್ರಾಂನಾಗ, ರೊಕ್ಕ ಪೈಸೆಯಾಗ, ಎರಡೂ ಪೂರ್ಣ ಸಂಖ್ಯೆಯಾಗ ಇಡೋದು. ಹುಡುಗ ಒಂದೇ ತಾಸಿನಾಗ ಮಾಡಿ ಕೊಟ್ಟ. ಮತ್ತ ಅದೇ ಪಟ್ಟಿ ಹಾಕಿದೆ. ಬಂದಿದ್ದು ಮೈನಸ್ 5,185. ಯಾಕಂದ್ರ 6,05,200 ಗ್ರಾಂ ಅನ್ನ 7,35,000 ಪೈಸೆಗೆ ಗುಣಿಸಿದ್ರ ಬರೋ ಅಂಕಿ `Int` ಒಳಗ ಹಿಡ್ಯಂಗಿಲ್ಲ, ಅದರ ಮಿತಿ ಸುಮಾರು 214 ಕೋಟಿ, ನಮ್ಮದು 44 ಸಾವಿರ ಕೋಟಿ ದಾಟಿತ್ತು, ಹೊಳ್ಳಿ ಮೈನಸ್‌ಗೆ ಬಂದು ನಿಂತಿತ್ತು. ಮಜಾ ಅಂದ್ರ ಆಪ್ ಒಂದೂ ಎರರ್ ಕೊಡ್ಲಿಲ್ಲ, ಮೈನಸ್ ನಡೀತದ ಅಂತ ನಾವೇ ಹೇಳಿದ್ವಲ್ಲ, 39 ಸಾವಿರ ಇಸಕೊಳ್ಳೋ ರೈತನ ಖಾತಿಗೆ 5,185 ಬಾಕಿ ಹಚ್ಚಿ ಸುಮ್ನ ಕುಂತಿತ್ತು. ಅದಕ್ಕಿಂತ ದೊಡ್ಡ ಅಂಕಿ ಹಿಡಿಯೋ `Long` ಹಾಕಿದ ಮ್ಯಾಲ ಸರಿ ಆತು. ಅವತ್ತಿಂದ ನಮ್ಮ ಹಾಳಿಯಾಗ ಒಂದು ಸಾಲು ಜಾಸ್ತಿ ಆತು: ಒಂದು ಡಿಫೆಕ್ಟ್ ಸರಿ ಮಾಡಿದ್ರೂ ರೊಕ್ಕದ ಷರತ್ತು ಅಷ್ಟೂ ಮತ್ತ ಓಡಿಸ್ಬೇಕು, ಸರಿ ಮಾಡಿದ್ದೊಂದೇ ನೋಡಿ ಬಿಡಬಾರದು.

ಮೂರನೇ ಜಾಗ ಅಂಗಡಿ. ಎಸಿ ರೂಮಿನಾಗ ಹೊಸ ಫೋನಿನ ಮ್ಯಾಲ ಎಲ್ಲಾ ಓಡ್ತದ, ಮುನೀಮರ ಫೋನು 2 ಜಿಬಿ ರ‍್ಯಾಮಿಂದು, ಅಕ್ಷರ ದೊಡ್ಡದು ಮಾಡಿಟ್ಟಾರ, ಪತ್ರಾಸ್ ಗೋದಾಮಿನ ಒಳಗ ನೆಟ್ ಬರ್ತದ ಹೋಗ್ತದ. ನೆಟ್ಟಿನ ಷರತ್ತು ನಾವು ಹಿಂಗ ಬರ್ದಿದ್ವಿ: ಏರ್‌ಪ್ಲೇನ್ ಮೋಡಿನಾಗ 20 ಪಟ್ಟಿ ಹಾಕಿ, ಆಪ್ ಬಂದ್ ಮಾಡಿ, ನೆಟ್ ಚಾಲೂ ಮಾಡಿದ ಮ್ಯಾಲ ಸರ್ವರಿನಾಗ 20 ಇರಬೇಕು, ಒಂದು ಕಮ್ಮಿ ಇಲ್ಲ ಒಂದು ಜಾಸ್ತಿ ಇಲ್ಲ. ಆಫೀಸಿನಾಗ ಪಾಸ್. ಗೋದಾಮಿನಾಗ 23 ಬಂದ್ವು.

ಫೋನ್ ಪಟ್ಟಿ ಕಳಿಸ್ಯದ, ಸರ್ವರ್ ಬರ್ಕೊಂಡದ, ಆದ್ರ "ಬಂತು" ಅನ್ನೋ ಉತ್ತರ ವಾಪಸ್ ಬರೋದ್ರಾಗ ನೆಟ್ ಹೋಗ್ಯದ, ಫೋನ್ ಅದನ್ನೇ ಮತ್ತ ಕಳಿಸ್ಯದ. ಏರ್‌ಪ್ಲೇನ್ ಮೋಡಿನಾಗ ಇದು ಸಿಗಂಗಿಲ್ಲ, ಯಾಕಂದ್ರ ಅಲ್ಲಿ ನೆಟ್ ಇದ್ರ ಪೂರ್ತಿ ಇರ್ತದ, ಇಲ್ಲಂದ್ರ ಪೂರ್ತಿ ಇಲ್ಲ. ಆಫೀಸಿನಾಗೇ ಹಿಡೀಬೇಕಂದ್ರ ಟೆಸ್ಟ್ ಸರ್ವರ್ ಪಟ್ಟಿ ಬರ್ಕೊಂಡ ಮ್ಯಾಲ ಉತ್ತರ ಕೊಡೋಕ ಬೇಕಂತ್ಲೇ 30 ಸೆಕೆಂಡ್ ತಡ ಮಾಡ್ಸಿ, ಫೋನು 10 ಸೆಕೆಂಡಿಗೆ ಕೈ ಬಿಡೋ ಹಂಗ ಇಡ್ರಿ, ಡಬಲ್ ಎಂಟ್ರಿ ಕಣ್ಣೆದುರೇ ಬರ್ತಾವ. ಇದಕ್ಕ ಔಷಧಿ ಅಂದ್ರ ಪಟ್ಟಿ ಹುಟ್ಟಿದ ಕೂಡ್ಲೇ ಫೋನೇ ಅದಕ್ಕ ಒಂದು ಬ್ಯಾರೆ ನಂಬರ್ ಕೊಡಬೇಕು, ಮತ್ತ ಕಳಿಸುವಾಗೂ ಅದೇ ನಂಬರ್ ಹೋಗಬೇಕು, ಸರ್ವರ್ ಎರಡನೇದನ್ನ ತಗೋಬಾರದು:

```sql
CREATE UNIQUE INDEX chit_uid ON chits (client_uid);
```

ಎರಡನೇ ಸಲ ಬಂದಾಗ ಸರ್ವರ್ ಎರರ್ ಕೊಡಬಾರದು, "ಬಂದದ" ಅಂತ ಹೇಳ್ಬೇಕು, ಇಲ್ಲಂದ್ರ ಫೋನ್ ಜಿಂದಗಿ ಪೂರ್ತಿ ಕಳಿಸ್ತಾನೇ ಇರ್ತದ.

ಡಿಫೆಕ್ಟ್ ಶೀಟ್

ಅಂಗಡಿಯಿಂದ ವಾಟ್ಸ್ಯಾಪಿನಾಗ "ಆಪ್ ಬರೋಬ್ಬರಿ ನಡಿಯವಲ್ತು" ಅಂತ ಮೆಸೇಜ್ ಬರ್ತದ. ಬೈಬ್ಯಾಡ್ರಿ, ಫೋನ್ ಮಾಡಿ ಕೇಳಿ ನೀವೇ ಶೀಟಿನಾಗ ಬರ್ಕೊಳ್ರಿ: ಬಿಲ್ಡ್ ನಂಬರ್, ಯಾವ ಫೋನು, ಏನೇನು ಒತ್ತಿದ್ರು, ಏನು ಬರಬೇಕಿತ್ತು, ಏನು ಬಂತು. ನಮ್ಮ 7ನೇ ಸಾಲು ಹಿಂಗದ: "ಬಿಲ್ಡ್ 14, ಮುನೀಮರ ಫೋನು. 20 ಪಟ್ಟಿ ನೆಟ್ ಇಲ್ದೇ ಹಾಕಿ ಗೋದಾಮಿನ ಬಾಗಲಿಗೆ ಬಂದಾಗ ಸಿಂಕ್. ಬರಬೇಕಿದ್ದು 20, ಬಂದಿದ್ದು 23. ದರ್ಜೆ 1." ಇದನ್ನ ಓದಿದ ಹುಡುಗ ಮತ್ತ ನನಗ ಫೋನ್ ಮಾಡಿ ಏನೂ ಕೇಳ್ಲಿಲ್ಲ.

ದರ್ಜೆ ನಾವು ಮೂರೇ ಇಟ್ಟೀವಿ. ರೊಕ್ಕ ತಪ್ಪಿದ್ರ ಇಲ್ಲಾ ಪಟ್ಟಿ ಕಳದ್ರ 1. ಕೆಲಸ ನಿಂತ್ರ 2. ಬರೇ ಕಿರಿಕಿರಿ ಆದ್ರ 3. ಅಡ್ಡ ಬರೋವು ಇರ್ತಾವ, ಪ್ರಿಂಟಿನಾಗ ಕನ್ನಡ ಹೆಸರು ಇದ್ದಲ್ಲಿ ಬರೇ ಪ್ರಶ್ನಾರ್ಥಕ ಚಿಹ್ನೆ ಬಂದಾಗ ಹುಡುಗ ಅದನ್ನ 3 ಅಂದ, ನೋಡ್ಲಾಕ ಅಷ್ಟ ಚಂದಿಲ್ಲ ಅಂತ. ಮುನೀಮರು ಹೆಸರಿಲ್ಲದ ಪಟ್ಟಿ ರೈತ ಮುಟ್ಟಂಗೇ ಇಲ್ಲ ಅಂದ್ರು, 2 ಮಾಡಿದ್ವಿ. ಸಣ್ಣ ಬ್ಲೂಟೂತ್ ಪ್ರಿಂಟರಿಗೆ ಕನ್ನಡ ಅಕ್ಷರ ಗೊತ್ತಿರಲಿಲ್ಲ, ಕೊನಿಗೆ ಪೂರ್ತಿ ಪಟ್ಟೀನೇ ಚಿತ್ರ ಮಾಡಿ ಕಳಿಸ್ಬೇಕಾತು.

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕ ಬಂದಿದ್ದು ಸ್ಟೇಟಸ್ ಕಾಲಮ್ಮು. ಡೆವಲಪರ್ "ಸರಿ ಮಾಡೀನಿ" ಅಂತ ಬರೀಬಹುದು, "ಮುಚ್ಚೀವಿ" ಅಂತ ಬರಿಯಂಗಿಲ್ಲ. ಮುಚ್ಚೋದು ಅದನ್ನ ಕಂಡು ಹಿಡದವನೇ, ಅದೂ ಹೊಸ ಬಿಲ್ಡಿನ ಮ್ಯಾಲ ನೋಡಿ. ತಪ್ಪು ಹೋಗಿರ್ಲಿಲ್ಲಂದ್ರ ಹೊಸಾ ಸಾಲು ಮಾಡಬ್ಯಾಡ್ರಿ, ಅದೇ ಸಾಲಿಗೆ "ಮತ್ತ ಬಂತು" ಅಂತ ಹಾಕ್ರಿ, ಆ 14 ರೂಪಾಯಿ ಸಾಲಿಗೆ ನಾನು ಹಾಕಿದ್ದೂ ಅದೇ. ಎರಡು ಸಲ "ಮತ್ತ ಬಂತು" ಆದದ್ದು ಎಲ್ಲೇ ಇದ್ರೂ ಆ ಕೋಡನ್ನ ಇಬ್ರೂ ಕೂಡಿ ಕುಂತು ಓದ್ಬೇಕು.

ಬಿಡೋ ದಿನ

ಕೊಡೋ ದಿನದ ನಿಯಮ ಮೊದಲೇ ಬರದು ಸಾಹುಕಾರ್ರ ಸಹಿ ಇಸಕೊಂಡಿದ್ವಿ: ದರ್ಜೆ 1 ಮತ್ತ 2 ಒಂದೂ ಇರಬಾರದು, 3 ಐದರ ಮ್ಯಾಲ ಇರಬಾರದು, ಆ ಐದನ್ನೂ ಅವರಿಗೆ ತೋರಿಸಿ ಒಪ್ಸಿರಬೇಕು. ಅದಕ್ಕಿಂತ ಮೊದಲು ಆರು ಪ್ಯಾಟಿ ದಿನ ಕಾಗದದ ಬುಕ್ಕೂ ಆಪೂ ಜೋಡಿ ನಡಸಿ, ಸಂಜಿ ಎರಡೂ ತಾಳಿ ಹಾಕಿ ನೋಡಿದ್ವಿ. ನಾಲ್ಕನೇ ದಿನ ಒಂದು ಪಟ್ಟಿ ಫರಕ್ ಬಂತು, ಎದಿ ಧಸಕ್ ಅಂತು, ಹುಡುಕಿದ್ರ ಬುಕ್ಕಿನಾಗ 6 ಇದ್ದಿದ್ದನ್ನ 9 ಬರ್ದಿದ್ರು. ಅದನ್ನೂ ಶೀಟಿಗೆ ಹಾಕಿ "ಡಿಫೆಕ್ಟ್ ಅಲ್ಲ" ಅಂತ ಮುಚ್ಚಿದ್ವಿ, ಮುಂದ ಯಾರಾರ ಕೇಳಿದ್ರ ಇರ್ಲಿ ಅಂತ.

ಕೊನಿಗೆ ಮೂರು ಸಾಲು ತೆರದೇ ಉಳದ್ವು. ಅದರಾಗ ಒಂದು, ಪಟ್ಟಿ ಚಿತ್ರ ಆಗಿ ಹೋಗೋದ್ರಿಂದ ಪ್ರಿಂಟ್ ಬರ್ಲಾಕ ಒಂಬತ್ತು ಸೆಕೆಂಡ್ ತಗೋತದ ಅನ್ನೋದು. ಮುನೀಮರಿಗೆ ತೋರಿಸಿದೆ, ಗಡಿಯಾರ ನೋಡಿ, "ಅಷ್ಟರಾಗ ಬಾರದಾನ ಎಣಿಸ್ತೀನಿ ಬಿಡ್ರಿ" ಅಂತ ಸಹಿ ಹಾಕಿದ್ರು.