ಮೊಬೈಲ್ ಬ್ಯಾಲೆನ್ಸ್‌ನಿಂದ ಚಂದಾ ಕಟ್ಟಾಗದಿದ್ದಾಗ: ನನ್ನ ಅನುಭವ

ಪ್ರೀಪೇಯ್ಡ್ ಸಿಮ್ ಮೂಲಕ ಕಟ್ಟುತ್ತಿದ್ದ ಆ್ಯಪ್ ಚಂದಾ ನವೀಕರಣದ ದಿನ ನಿಂತುಹೋಯಿತು. ಪ್ಲೇ ಸ್ಟೋರ್‌ನಲ್ಲಿ ಪಾವತಿ ವಿಫಲ ಎಂದಷ್ಟೇ ಬರುತ್ತಿತ್ತು.

ಫೋನ್ ರೀಸ್ಟಾರ್ಟ್ ಮಾಡಿದೆ, ಪ್ಲೇ ಸ್ಟೋರ್‌ನ cache ಅಳಿಸಿದೆ, ಡೇಟಾ ಪ್ಯಾಕ್ ಹಾಕಿಸಿದೆ. ಏನೂ ಆಗಲಿಲ್ಲ. ಪ್ಯಾಕ್‌ನ ಹಣ ಡೇಟಾ, ಕರೆಗಷ್ಟೇ ಸೀಮಿತ. ಚಂದಾ ಕಡಿತವಾಗುವುದು ಮುಖ್ಯ ಬ್ಯಾಲೆನ್ಸ್‌ನಿಂದ. ಅದೂ ಅರ್ಧಂಬರ್ಧ ಕಡಿತವಾಗಲ್ಲ. ಚಂದಾ 100, ತೆರಿಗೆ 18 ಆದರೆ 118 ಪೂರ್ತಿ ಇರಬೇಕು. 110 ಇದ್ದರೂ ವಿಫಲವೇ.

ಸರಿಹೋದ ಕ್ರಮ ಇದು. ಮೊದಲು ಟಾಕ್‌ಟೈಮ್ ರೀಚಾರ್ಜ್ ಮಾಡಿಸಿ, ಮುಖ್ಯ ಬ್ಯಾಲೆನ್ಸ್ ಏರಿದ್ದನ್ನು ನೋಡಿಕೊಂಡೆ. ಆಮೇಲೆ ಸಿಮ್ ಕಂಪನಿಯ ಸಹಾಯವಾಣಿಯಲ್ಲಿ ಬ್ಯಾಲೆನ್ಸ್‌ನಿಂದ ಮಾಡಬಹುದಾದ ತಿಂಗಳ ಖರೀದಿಯ ಮಿತಿ ಕೇಳಿದೆ. ಬೇರೆ ಖರೀದಿಗಳಿಂದ ಅದೂ ಮುಗಿದಿತ್ತು! ಮಿತಿ ಹೊಸದಾದ ಮೇಲೆ ವೈಫೈ ಆಫ್ ಮಾಡಿ, ಅದೇ ಸಿಮ್‌ನ ಡೇಟಾದಲ್ಲಿ ಪ್ಲೇ ಸ್ಟೋರ್‌ನ Payments & subscriptions > Subscriptions ತೆರೆದು, ಆ ಚಂದಾಕ್ಕೆ ಪಾವತಿ ವಿಧಾನವನ್ನು ಮತ್ತೆ ಆರಿಸಿದೆ. ಆಗ ಹಣ ಕಡಿತವಾಯಿತು, ಚಂದಾ ಮುಂದುವರಿಯಿತು.