ನಾಲ್ಕು ಅಂಗಡಿ, ಮೂರು ತಿಂಗಳು: ಬಿಲ್ ತಾಳೆ ನೋಡುವ ಕೆಲಸ ಶುರು ಮಾಡಿದ ಕಥೆ

ನಾನು ದಾವಣಗೆರೆಯಲ್ಲಿ ಟ್ಯಾಕ್ಸ್ ಕನ್ಸಲ್ಟೆಂಟ್. ಚಿಕ್ಕ ಆಫೀಸು, ಅಂಗಡಿಯವರ ಜಿಎಸ್‌ಟಿ ರಿಟರ್ನ್ ಹಾಕುವುದೇ ಮುಖ್ಯ ಕೆಲಸ. ಪ್ರತಿ ತಿಂಗಳು 19, 20ನೇ ತಾರೀಕಿಗೆ ಒಂದೇ ಜಗಳ. "ನಾನು ಬಿಲ್‌ನಲ್ಲಿ ಟ್ಯಾಕ್ಸ್ ಕೊಟ್ಟೇ ಮಾಲು ತಂದಿದ್ದೀನಿ, ಮತ್ತೆ ಯಾಕೆ ಕಟ್ಟಬೇಕು?" ಅಂತ ಅಂಗಡಿಯವರು ಕೇಳುತ್ತಾರೆ. ಅವರ ಮಾತು ನಿಜ. ಆದರೆ ಮಾಲು ಕೊಟ್ಟ ಹೋಲ್‌ಸೇಲರ್ ಆ ಬಿಲ್ಲನ್ನು ತನ್ನ ರಿಟರ್ನ್‌ನಲ್ಲಿ ತೋರಿಸಿರಬೇಕು. ತೋರಿಸದಿದ್ದರೆ ಅದು ನಮ್ಮ ಜಿಎಸ್‌ಟಿಆರ್-2ಬಿ ಪಟ್ಟಿಗೆ ಬರುವುದಿಲ್ಲ. 2022ರ ಜನವರಿಯಿಂದ, ಪಟ್ಟಿಯಲ್ಲಿ ಇಲ್ಲದ ಬಿಲ್‌ಗೆ ಇನ್‌ಪುಟ್ ಸಿಗುವುದಿಲ್ಲ, ಅಂದರೆ ಖರೀದಿಯಲ್ಲಿ ಕೊಟ್ಟ ಟ್ಯಾಕ್ಸನ್ನು ನಾವು ಕಟ್ಟಬೇಕಾದ ಟ್ಯಾಕ್ಸಿನಲ್ಲಿ ಕಡಿತ ಮಾಡುವಂತಿಲ್ಲ. ಹೋಲ್‌ಸೇಲರ್ ಮುಂದೆ ತೋರಿಸಿದರೆ ಆಮೇಲೆ ಸಿಗುತ್ತದೆ, ನಿಜ. ಆದರೆ ಈ ತಿಂಗಳು ಕೈಯಿಂದಲೇ ಕಟ್ಟಬೇಕು.

ಇದಕ್ಕೆ ಒಂದು ಹೊಸ ಸೇವೆ ಶುರು ಮಾಡೋಣ ಅನ್ನಿಸಿತು. ಅಂಗಡಿಯವರು ಖರೀದಿ ಬಿಲ್‌ಗಳ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಬೇಕು. ನಾವು ಅವನ್ನು ಬರೆದಿಟ್ಟುಕೊಳ್ಳುತ್ತೇವೆ. 14ನೇ ತಾರೀಕು 2ಬಿ ಬಂದ ಕೂಡಲೇ ತಾಳೆ ನೋಡಿ, ಯಾವ ಬಿಲ್ ಬಂದಿಲ್ಲ ಅಂತ ಪಟ್ಟಿ ಕೊಡುತ್ತೇವೆ. ಅವರು ಹೋಲ್‌ಸೇಲರ್‌ಗೆ ಫೋನ್ ಮಾಡಿ ಕೇಳಬಹುದು, ಮುಂದಿನ ದುಡ್ಡು ಕೊಡುವಾಗ ಟ್ಯಾಕ್ಸ್ ಭಾಗವನ್ನು ಹಿಡಿದಿಟ್ಟುಕೊಳ್ಳಬಹುದು. ತಿಂಗಳಿಗೆ 1,500 ರೂಪಾಯಿ ಕೇಳಬೇಕು ಅಂತ ಮನಸ್ಸಿನಲ್ಲಿತ್ತು. ಬ್ಯಾನರ್ ಡಿಸೈನ್ ಕೂಡ ಮಾಡಿಸಿದ್ದೆ. ಪ್ರಿಂಟ್‌ಗೆ ಕೊಡುವ ಹಿಂದಿನ ದಿನ ಹೆಂಡತಿ ಕೇಳಿದಳು, "ಒಂದು ಅಂಗಡಿಗಾದರೂ ಮಾಡಿ ನೋಡಿದ್ದೀರಾ?" ಮಾಡಿರಲಿಲ್ಲ.

ನಾಲ್ಕು ಅಂಗಡಿ ಆರಿಸಿದೆ. ಒಂದು ಹಾರ್ಡ್‌ವೇರ್, ಒಂದು ಎಲೆಕ್ಟ್ರಿಕಲ್, ಒಂದು ಮೆಡಿಕಲ್ ಶಾಪ್, ಒಂದು ಪಾತ್ರೆ ಅಂಗಡಿ. ನಾಲ್ಕೂ ಪ್ರತಿ ತಿಂಗಳು ರಿಟರ್ನ್ ಹಾಕುವವು. ಕಾಂಪೊಸಿಷನ್‌ನಲ್ಲಿ, ಅಂದರೆ ವ್ಯಾಪಾರದ ಮೇಲೆ ಸಣ್ಣ ದರದಲ್ಲಿ ಟ್ಯಾಕ್ಸ್ ಕಟ್ಟುವ ಸ್ಕೀಮಿನಲ್ಲಿ ಇರುವವರನ್ನು ಕರೆಯಲಿಲ್ಲ, ಅವರಿಗೆ ಇನ್‌ಪುಟ್ಟೇ ಇಲ್ಲವಲ್ಲ. ಎಲೆಕ್ಟ್ರಿಕಲ್ ಅಂಗಡಿಯವನು ನನ್ನ ಜೊತೆ ಓದಿದವನು. ಹಾರ್ಡ್‌ವೇರ್ ಮತ್ತು ಮೆಡಿಕಲ್‌ನವರು ಹತ್ತು ವರ್ಷದ ಪರಿಚಯ. ಪಾತ್ರೆ ಅಂಗಡಿಯ ಸಾಹುಕಾರರು ಮಾತ್ರ ಹೊಸಬರು, ಸ್ವಲ್ಪ ಖಾರದ ಮನುಷ್ಯ. ನಾಲ್ಕನೆಯವರು ಸಿಗಲಿಲ್ಲ ಅಂತ ಅವರನ್ನು ಸೇರಿಸಿದೆ.

ಮೂರು ತಿಂಗಳು, ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಬಿಲ್‌ಗಳು. ತಿಂಗಳಿಗೆ 500 ರೂಪಾಯಿ. "ಇದು ಪ್ರಯೋಗ, ತಪ್ಪು ಆಗುತ್ತೆ, ಮೂರು ತಿಂಗಳಾದ ಮೇಲೆ ಪೂರ್ತಿ ರೇಟು ಹೇಳ್ತೀನಿ, ಬೇಡ ಅಂದರೆ ಬೇಡ" ಅಂತ ಮೊದಲೇ ಹೇಳಿದೆ. ಪುಕ್ಕಟೆ ಮಾಡಬಹುದಿತ್ತು. ಆದರೆ ಪುಕ್ಕಟೆ ಕೊಟ್ಟದ್ದನ್ನು ಯಾರೂ ಬೈಯುವುದಿಲ್ಲ. ನನಗೆ ಬೈಗುಳ ಬೇಕಿತ್ತು.

ಹೊಸ ಸಾಫ್ಟ್‌ವೇರ್ ಕೊಳ್ಳಲಿಲ್ಲ. ಟ್ಯಾಲಿ ಮತ್ತು ಎಕ್ಸೆಲ್ ಆಫೀಸಿನಲ್ಲಿ ಇದ್ದವು. ಬಿಕಾಂ ಕೊನೆಯ ವರ್ಷದ ಹುಡುಗಿಯೊಬ್ಬಳು ಕಾಲೇಜು ಮುಗಿಸಿ ಬರುತ್ತಿದ್ದಳು, ಗಂಟೆಗೆ 80 ರೂಪಾಯಿ. ಒಂದು ನೋಟ್‌ಬುಕ್ ಇಟ್ಟೆವು. ಯಾವ ಅಂಗಡಿಯ ಕೆಲಸಕ್ಕೆ ಎಷ್ಟು ಹೊತ್ತಿಗೆ ಕೂತೆವು, ಎಷ್ಟು ಹೊತ್ತಿಗೆ ಎದ್ದೆವು ಅಂತ ಇಬ್ಬರೂ ಅದರಲ್ಲಿ ಬರೆಯಬೇಕು. ಈ ನೋಟ್‌ಬುಕ್ ಇಲ್ಲದಿದ್ದರೆ ಇಡೀ ಪ್ರಯೋಗ ಬರೀ ಹರಟೆ ಆಗುತ್ತಿತ್ತು.

ಮೊದಲ ವಾರ ಫೋಟೋಗಳು ಚೆನ್ನಾಗಿ ಬಂದವು. ಎರಡನೇ ವಾರ ಕಡಿಮೆ ಆದವು. ಆಮೇಲೆ ನಿಂತವು. ಫೋನ್ ಮಾಡಿದರೆ "ತುಂಬಾ ಚೆನ್ನಾಗಿದೆ ಸರ್, ಒಳ್ಳೇ ಕೆಲಸ" ಅನ್ನುತ್ತಿದ್ದರು. ಆಗಸ್ಟ್ 10ರ ರಾತ್ರಿ ಹಾರ್ಡ್‌ವೇರ್‌ನವರು ಒಟ್ಟಿಗೆ 70 ಫೋಟೋ ಕಳಿಸಿದರು. ಕೆಲವು ಮಸುಕು, ಕೆಲವು ಮಡಚಿದ ಬಿಲ್, ಕೆಲವದರಲ್ಲಿ ಜಿಎಸ್‌ಟಿ ನಂಬರೇ ಕತ್ತರಿಸಿ ಹೋಗಿತ್ತು. ಒಂದಷ್ಟು ಬಿಲ್ ಎರಡು ಸಲ ಬಂದಿದ್ದವು. ಬಾಯಲ್ಲಿ ಹೊಗಳಿಕೆ, ಫೋನಿನಲ್ಲಿ ಫೋಟೋ ಇಲ್ಲ. ಪರಿಚಯದವರ ಜೊತೆ ಪ್ರಯೋಗ ಮಾಡಿದರೆ ಇದೇ ತೊಂದರೆ. ಹಾಗಾಗಿ ಅವರ ಅಭಿಪ್ರಾಯ ಕೇಳುವುದನ್ನೇ ಬಿಟ್ಟೆ. ಎರಡು ವಿಷಯ ಮಾತ್ರ ಬರೆದುಕೊಂಡೆ: ಬಿಲ್ ಯಾವ ದಿನ ಬಂತು, ಪಟ್ಟಿ ಕೊಟ್ಟ ಮೇಲೆ ಅವರು ಹೋಲ್‌ಸೇಲರ್‌ಗೆ ಫೋನ್ ಮಾಡಿದರಾ.

ಫೋಟೋ ಯಾಕೆ ಬರಲ್ಲ ಅಂತ ಒಂದು ಸಂಜೆ ಹಾರ್ಡ್‌ವೇರ್ ಅಂಗಡಿಯಲ್ಲೇ ಕೂತು ನೋಡಿದೆ. ಮಾಲು ಇಳಿಸಿಕೊಳ್ಳುವವನು ಅಂಗಡಿ ಹುಡುಗ. ಬಿಲ್ ಅವನ ಕೈಗೆ ಬರುತ್ತದೆ, ಅವನು ಗಲ್ಲಾ ಪೆಟ್ಟಿಗೆಯ ಹತ್ತಿರದ ಮೊಳೆಗೆ ಚುಚ್ಚುತ್ತಾನೆ. ಫೋಟೋ ಕಳಿಸಬೇಕಾದವರು ಮಾಲೀಕರು. ಅವರು ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕುವಾಗ ಸುಸ್ತಾಗಿರುತ್ತಾರೆ. ಯಾರು ಕಳಿಸುತ್ತಾರೆ ಹೇಳಿ? ಆಗಸ್ಟ್‌ನಿಂದ ವಾಟ್ಸಾಪ್ ಬಿಟ್ಟೆವು. ಶನಿವಾರ ಮಧ್ಯಾಹ್ನ ನಮ್ಮ ಹುಡುಗಿಯೇ ಅಂಗಡಿಗೆ ಹೋಗಿ ಮೊಳೆಯಲ್ಲಿರುವ ಬಿಲ್‌ಗಳ ಫೋಟೋ ತೆಗೆಯುತ್ತಾಳೆ. ತೆಗೆದ ಬಿಲ್ಲಿನ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ನಂಬರ್ ಹಾಕುತ್ತಾಳೆ. ಎರಡು ಸಲ ಬರುವುದು ಅಲ್ಲಿಗೆ ನಿಂತಿತು. ಒಂದು ಅಂಗಡಿಗೆ ಓಡಾಟವೂ ಸೇರಿ ಅರ್ಧ ಗಂಟೆ.

ತಾಳೆ ನೋಡುವಾಗ ಮೊದಲು ಬಿಲ್ ನಂಬರ್ ಹಿಡಿದು ಹುಡುಕಿದೆವು. ಅದು ತಪ್ಪು ದಾರಿ. ಕಾಗದದ ಬಿಲ್ಲಿನಲ್ಲಿ 234 ಅಂತ ಇದ್ದರೆ ಪೋರ್ಟಲ್‌ನಲ್ಲಿ ಅದರ ಹಿಂದೆ ಮುಂದೆ ಏನೇನೋ ಅಕ್ಷರ, ಸೊನ್ನೆ ಸೇರಿರುತ್ತವೆ. ಇರುವ ಬಿಲ್ಲೂ ಇಲ್ಲ ಅಂತ ತೋರಿಸುತ್ತದೆ. ಆಮೇಲೆ ಹೋಲ್‌ಸೇಲರ್‌ನ ಜಿಎಸ್‌ಟಿ ನಂಬರ್ ಮತ್ತು ಟ್ಯಾಕ್ಸ್ ಸೇರಿಸುವ ಮುಂಚಿನ ಮೊತ್ತ, ಎರಡನ್ನೂ ಹಿಡಿದು ನೋಡಿದೆವು. ಎರಡೂ ಪಟ್ಟಿಯಲ್ಲಿ ಜಿಎಸ್‌ಟಿ ನಂಬರನ್ನು ಎ ಕಾಲಂನಲ್ಲಿ, ಪೈಸೆ ತೆಗೆದ ಮೊತ್ತವನ್ನು ಸಿ ಕಾಲಂನಲ್ಲಿ ಇಟ್ಟುಕೊಂಡು, ಪೋರ್ಟಲ್ ಪಟ್ಟಿಯ ಶೀಟಿಗೆ 2B ಅಂತ ಹೆಸರಿಟ್ಟರೆ ಇಷ್ಟೇ ಸಾಕು:

```
=COUNTIFS('2B'!A:A,A2,'2B'!C:C,C2)
```

ಸೊನ್ನೆ ಬಂದರೆ ಆ ಬಿಲ್ ಬಂದಿಲ್ಲ. ಒಂದೇ ಹೋಲ್‌ಸೇಲರ್‌ನ ಒಂದೇ ಮೊತ್ತದ ಎರಡು ಬಿಲ್ ಇದ್ದಾಗ ಮಾತ್ರ ಇದು ಮೋಸ ಮಾಡುತ್ತದೆ. ಅವನ್ನು ಕಣ್ಣಿಂದಲೇ ನೋಡಬೇಕು.

ದೊಡ್ಡ ಎಡವಟ್ಟು ಆದದ್ದು ಆಗಸ್ಟ್ 15ರಂದು. ಜುಲೈ ತಿಂಗಳ ಪಟ್ಟಿಯಲ್ಲಿ ಪಾತ್ರೆ ಅಂಗಡಿಯ 11 ಬಿಲ್ "ಬಂದಿಲ್ಲ" ಅಂತ ಕೊಟ್ಟೆ. ಸಾಹುಕಾರರು ಕೂಡಲೇ ಒಬ್ಬ ಹೋಲ್‌ಸೇಲರ್‌ಗೆ ಫೋನ್ ಹಚ್ಚಿ ಕೂಗಾಡಿದರು. ಆ ಮನುಷ್ಯನ ತಪ್ಪೇ ಇರಲಿಲ್ಲ. ವರ್ಷಕ್ಕೆ 5 ಕೋಟಿವರೆಗೆ ವ್ಯವಹಾರ ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬಹುದು. ಮೊದಲೆರಡು ತಿಂಗಳ ಬಿಲ್ಲನ್ನು ಅವರು ಬೇಕಿದ್ದರೆ 13ನೇ ತಾರೀಕಿನೊಳಗೆ ಬೇರೆಯಾಗಿ ಹಾಕಬಹುದು, ಆದರೆ ಕಡ್ಡಾಯ ಅಲ್ಲ. ಹಾಗೆ ಹಾಕದಿದ್ದರೆ ಅವರ ಜುಲೈ ಬಿಲ್ ನಮಗೆ ಕಾಣುವುದು ಅಕ್ಟೋಬರ್ 14ಕ್ಕೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ರಿಟರ್ನ್ ಹಾಕುವ ಗಡಿಬಿಡಿಯಲ್ಲಿ ಇದನ್ನು ಬಿಡಿಸಿ ನೋಡುವ ಅಗತ್ಯ ಬಿದ್ದಿರಲಿಲ್ಲ ಅಷ್ಟೆ. ಪಟ್ಟಿ ಮಾಡಿ ಕೈಗೆ ಕೊಟ್ಟಾಗಲೇ ಅದು ಬೆಂಕಿ ಆದದ್ದು.

ಸಾಹುಕಾರರು ಆಫೀಸಿಗೆ ಬಂದು, "ನಿಮ್ಮ ಪಟ್ಟಿ ನಂಬಿ ಇಪ್ಪತ್ತು ವರ್ಷದ ಸಂಬಂಧ ಕೆಡಿಸಿಕೊಂಡೆ ನೋಡ್ರಿ" ಅಂದರು. ಕ್ಷಮೆ ಕೇಳಿ, ಆ ಹೋಲ್‌ಸೇಲರ್‌ಗೆ ನಾನೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಇದೇ ತಪ್ಪು ನಲವತ್ತು ಅಂಗಡಿಯಲ್ಲಿ ಒಂದೇ ದಿನ ಆಗಿದ್ದರೆ ಊರಲ್ಲಿ ತಲೆ ಎತ್ತುವಂತಿರಲಿಲ್ಲ. ಅವತ್ತಿನಿಂದ ಪಟ್ಟಿಯಲ್ಲಿ ಎರಡು ಭಾಗ. ಪ್ರತಿ ಹೋಲ್‌ಸೇಲರ್ ತಿಂಗಳಿಗೊಮ್ಮೆ ಹಾಕುವವರಾ, ಮೂರು ತಿಂಗಳಿಗೊಮ್ಮೆಯಾ ಅಂತ ಪೋರ್ಟಲ್‌ನಲ್ಲಿ ಜಿಎಸ್‌ಟಿ ನಂಬರ್ ಹಾಕಿ ನೋಡುತ್ತೇವೆ. ಮೂರು ತಿಂಗಳಿನವರು "ಕಾಯಬೇಕು" ಅನ್ನುವ ಭಾಗಕ್ಕೆ, ಉಳಿದವರು "ಕೇಳಬೇಕು" ಅನ್ನುವ ಭಾಗಕ್ಕೆ. ಅವರ 11 ಬಿಲ್‌ಗಳಲ್ಲಿ ಕೇಳಬೇಕಾದವು ಮೂರೇ ಇದ್ದವು.

ಆಗಸ್ಟ್ ಬಿಲ್‌ಗಳ ಲೆಕ್ಕ ನೋಟ್‌ಬುಕ್‌ನಿಂದ ತೆಗೆದೆ. ಹಾರ್ಡ್‌ವೇರ್‌ನ 85 ಬಿಲ್ ಬರೆಯಲು ಹುಡುಗಿಗೆ 3 ಗಂಟೆ, ಶನಿವಾರದ ಓಡಾಟ 2 ಗಂಟೆ. ಒಟ್ಟು 400 ರೂಪಾಯಿ. ನನ್ನದು ಒಂದೂವರೆ ಗಂಟೆ. ಗಂಟೆಗೆ 300 ಅಂತ ಹಿಡಿದರೆ 450. ಅಂದರೆ 850 ರೂಪಾಯಿ ಕೆಲಸಕ್ಕೆ 500 ತಗೊಳ್ಳುತ್ತಿದ್ದೆ. ಅದು ಗೊತ್ತಿದ್ದ ನಷ್ಟ. ಮೆಡಿಕಲ್ ಶಾಪ್ ಬೇರೆ ಕಥೆ. 240 ಬಿಲ್, ಮೇಲೆ ಅವಧಿ ಮುಗಿದ ಔಷಧಿ ವಾಪಸ್ ಕೊಟ್ಟದ್ದರ ಕ್ರೆಡಿಟ್ ನೋಟ್‌ಗಳು. ಹುಡುಗಿಯ 12 ಗಂಟೆ, ನನ್ನ 3 ಗಂಟೆ, ಒಟ್ಟು 1,860. ನಾನು ಮೊದಲು ಅಂದುಕೊಂಡಿದ್ದ 1,500ಕ್ಕೂ ಅಲ್ಲಿ ನಷ್ಟವೇ.

ಆಮೇಲೆ ಒಂದು ದಿನ ಅವರ ಕಂಪ್ಯೂಟರ್ ನೋಡಿ ನಕ್ಕುಬಿಟ್ಟೆ. ಬ್ಯಾಚ್, ಅವಧಿ ನೋಡಿಕೊಳ್ಳಲು ಅವರು ಪ್ರತಿ ಖರೀದಿಯನ್ನೂ ತಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಹಾಕುತ್ತಲೇ ಇದ್ದರು. ಎರಡು ಕ್ಲಿಕ್ ಮಾಡಿದರೆ ಇಡೀ ಪಟ್ಟಿ ಎಕ್ಸೆಲ್‌ನಲ್ಲಿ ಬರುತ್ತದೆ. ನಾವು ಅದೇ ಬಿಲ್‌ಗಳ ಫೋಟೋ ತೆಗೆದು ಮತ್ತೆ ಟೈಪ್ ಮಾಡುತ್ತಿದ್ದೆವು! ಅಲ್ಲಿಂದ ಅವರಿಗೆ ತಾಳೆ ನೋಡುವುದಷ್ಟೇ ಉಳಿಯಿತು.

ಇನ್ನೊಂದು ಮಿತಿ ಕಂಡದ್ದು ಕ್ಯಾಲೆಂಡರ್‌ನಲ್ಲಿ. 2ಬಿ ಬರುವುದು 14ಕ್ಕೆ, ದುಡ್ಡು ಕಟ್ಟಿ ರಿಟರ್ನ್ ಹಾಕಲು ಕೊನೆ ದಿನ 20. 18ರಿಂದ 20ರವರೆಗೆ ನನಗೆ ಊಟಕ್ಕೂ ಪುರುಸೊತ್ತು ಇರಲ್ಲ. ತಾಳೆ ಕೆಲಸಕ್ಕೆ ಉಳಿಯುವುದು 15, 16, 17. ದಿನಕ್ಕೆ ಐದು ಗಂಟೆ ಅಂದರೆ 15 ಗಂಟೆ. ಒಂದು ಅಂಗಡಿಗೆ ಒಂದೂವರೆ ಗಂಟೆ. ಹತ್ತು ಅಂಗಡಿಗೆ ಮುಗಿಯಿತು. ಬ್ಯಾನರ್ ಹಾಕಿ ನಲವತ್ತು ಜನ ಬಂದಿದ್ದರೆ ಏನು ಮಾಡುತ್ತಿದ್ದೆನೋ!

ಅಕ್ಟೋಬರ್‌ನಲ್ಲಿ ಪೂರ್ತಿ ರೇಟು ಹೇಳಿದೆ. 100 ಬಿಲ್‌ವರೆಗೆ 1,200, ಅದರ ಮೇಲೆ ಬಿಲ್‌ಗೆ 10 ರೂಪಾಯಿ. ಎಕ್ಸೆಲ್ ಕೊಡುವವರಿಗೆ ಎಷ್ಟೇ ಬಿಲ್ ಇದ್ದರೂ 1,200. ಹಾರ್ಡ್‌ವೇರ್‌ನವರು ಒಪ್ಪಿದರು. ಅವರಿಗೆ 59,000ದ ಒಂದು ಬಿಲ್ ಬಂದಿರಲಿಲ್ಲ. ಅದರಲ್ಲಿದ್ದ 9,000 ಟ್ಯಾಕ್ಸನ್ನು ಹಿಡಿದಿಟ್ಟ ಮೇಲೆ ಹೋಲ್‌ಸೇಲರ್ ಮುಂದಿನ ತಿಂಗಳು ಬಿಲ್ ತೋರಿಸಿದ್ದ. ಮೆಡಿಕಲ್‌ನವರೂ ಒಪ್ಪಿದರು.

ಎಲೆಕ್ಟ್ರಿಕಲ್ ಅಂಗಡಿಯ ಗೆಳೆಯ ಚಹಾ ತರಿಸಿ ಮಾತು ಎಳೆದ. ಕೊನೆಗೆ "ನಿನಗೋಸ್ಕರ ಸೇರಿಕೊಂಡಿದ್ದೆ ಕಣೋ, ನನಗೆ ಅಂಥದ್ದೇನೂ ಬೇಕಾಗಿಲ್ಲ" ಅಂದ. ಬೇಜಾರಾಗಲಿಲ್ಲ. ನನ್ನ ಪುಸ್ತಕದಲ್ಲಿ ಅದು ಮೊದಲೇ ಇತ್ತು. ಮೂರು ತಿಂಗಳಲ್ಲಿ ಅವನು ಒಬ್ಬ ಹೋಲ್‌ಸೇಲರ್‌ಗೂ ಫೋನ್ ಮಾಡಿರಲಿಲ್ಲ. ದೊಡ್ಡ ಕಂಪನಿಗಳ ಡೀಲರ್‌ಗಳಿಂದಲೇ ಮಾಲು ತರುವವನು, ಅವರ ಬಿಲ್ ತಪ್ಪುತ್ತಿದ್ದದ್ದೇ ಅಪರೂಪ. ಈ ಸೇವೆ ಅಂಥವರಿಗೆ ಅಲ್ಲ. ಈಗ ಯಾರಾದರೂ ಕೇಳಿಕೊಂಡು ಬಂದರೆ ಮೊದಲು ಹಿಂದಿನ ತಿಂಗಳ ಬಿಲ್ ಕಟ್ಟು ತರಿಸಿ ನೋಡುತ್ತೇನೆ. ತಪ್ಪಿದ ಬಿಲ್ ಸಿಗದಿದ್ದರೆ ಬೇಡ ಅಂತ ವಾಪಸ್ ಕಳಿಸುತ್ತೇನೆ.

ಪಾತ್ರೆ ಅಂಗಡಿಯ ಸಾಹುಕಾರರು ಬಿಟ್ಟು ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ರೇಟು ಕೇಳಿ, ಎರಡು ನಿಮಿಷ ಬೈದು, ಜೊತೆಗೆ ತಮ್ಮನ ಅಂಗಡಿಯನ್ನೂ ಬರೆಸಿದರು. "ಕಾಯಬೇಕು" ಭಾಗದ ಬಿಲ್‌ಗಳನ್ನು ಹಸಿರು ಬಣ್ಣದಲ್ಲಿ ಕೊಡಿ, ಸಿಟ್ಟಿನಲ್ಲಿ ಮತ್ತೆ ಯಾರಿಗೋ ಫೋನ್ ಮಾಡಿಬಿಡುತ್ತೇನೆ ಅಂತ ಹೇಳಿದ್ದೂ ಅವರೇ. ಹತ್ತು ಅಂಗಡಿ ತುಂಬಿದ್ದು ಡಿಸೆಂಬರ್‌ಗೆ. ಬ್ಯಾನರ್ ಇನ್ನೂ ಪೆನ್‌ಡ್ರೈವ್‌ನಲ್ಲೇ ಇದೆ.