ಮಲೆನಾಡಿನ ಮಳೆಗಾಲದಲ್ಲೂ ಬೂಷ್ಟು ಹಿಡಿಯದ ಶೂಗಳು: ನನ್ನ ಅನುಭವ

ತೀರ್ಥಹಳ್ಳಿ ಸೀಮೆಯ ಮಳೆಗಾಲದಲ್ಲಿ ಚರ್ಮದ ಶೂಗಳನ್ನು ಬೂಷ್ಟು ಹಿಡಿಯದಂತೆ ಇಡಲು ಆಗುವುದೇ ಇಲ್ಲ ಎಂಬುದು ನಮ್ಮೂರಿನವರ ನಂಬಿಕೆ. ಶೂ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣ ಹಾಕಿ ಸೋತ ಗೆಳೆಯರಂತೂ ನನ್ನ ಪ್ರಯೋಗವನ್ನು ಕಂಡು ನಕ್ಕಿದ್ದರು. ಈಗ ಕೆಲವು ವರ್ಷಗಳಿಂದ ನನ್ನ ಆಕ್ಸ್‌ಫರ್ಡ್, ಬ್ರೋಗ್ ಮತ್ತು ಕ್ಯಾನ್ವಾಸ್ ಜೋಡಿಗಳು ಜೂನ್‌ನಲ್ಲಿ ಇಟ್ಟ ಹಾಗೆಯೇ ಅಕ್ಟೋಬರ್‌ನಲ್ಲಿ ಹೊರಬರುತ್ತಿವೆ. ನಕ್ಕವರಲ್ಲಿ ಇಬ್ಬರು ತಮ್ಮ ಶೂಗಳನ್ನೂ ನನ್ನಲ್ಲಿ ತಂದಿಡುತ್ತಾರೆ.

ಸೋಲಿನ ಕಾರಣ ಪೊಟ್ಟಣದಲ್ಲಿ ಇರಲಿಲ್ಲ, ಶೂ ಆಕಾರ ಕೆಡದಂತೆ ಒಳಗೆ ತೂರಿಸಿಡುವ ಮರದ ಅಚ್ಚಿನಲ್ಲಿ, ಎಂದರೆ ಶೂ ಟ್ರೀಯಲ್ಲಿ ಇತ್ತು. ಮೊದಲ ವರ್ಷ ಸೀಡರ್ ಮರದ ಟ್ರೀಗಳಿಗೆ ಜೋಡಿಗೆ ಎರಡು ಸಾವಿರದ ಮೇಲೆ ಸುರಿದು, ಸುಮಾರು ನಲವತ್ತು ಲೀಟರಿನ ರಬ್ಬರ್ ಪಟ್ಟಿಯ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಅರ್ಧ ಕೆಜಿ ಸಿಲಿಕಾದೊಂದಿಗೆ ಎರಡು ಜೋಡಿ ಚರ್ಮದ ಶೂ ಇಟ್ಟಿದ್ದೆ. ವಾರದೊಳಗೆ ಕಿತ್ತಳೆ ಬಣ್ಣದ ಹರಳುಗಳೆಲ್ಲ ತೇವ ಹೀರಿ ಹಸಿರಾದವು, ಒಳಗಿನ ತೇವಾಂಶಮಾಪಕ ಎಪ್ಪತ್ತರ ಮೇಲೆಯೇ ನಿಂತಿತು, ಆಗಸ್ಟ್ ಹೊತ್ತಿಗೆ ನಾಲಿಗೆಯ ಮಡಿಕೆಯಲ್ಲಿ ಬಿಳಿ ಚುಕ್ಕೆಗಳು ಕಂಡವು. ಅಂಗಡಿಯವರು ಇನ್ನೂ ಹೆಚ್ಚು ಪೊಟ್ಟಣ ಹಾಕಿ ಎಂದರು. ನಾನು ಅಡುಗೆಮನೆಯ ತಕ್ಕಡಿಯನ್ನು ತಂದೆ.

ಡಬ್ಬಿಯೊಳಗಿನ ಗಾಳಿಯಲ್ಲಿರುವ ನೀರು ಹೆಚ್ಚೆಂದರೆ ಒಂದು ಗ್ರಾಂ ಆಸುಪಾಸು. ಅದು ಲೆಕ್ಕಕ್ಕೇ ಇಲ್ಲ. ನೀರು ಇರುವುದು ವಸ್ತುಗಳಲ್ಲಿ. ಮಳೆ ಹಿಡಿದ ಮೇಲೆ ಕೋಣೆಯಲ್ಲಿ ಬಿದ್ದಿದ್ದ ಒಂದು ಜೋಡಿ ಟ್ರೀಯನ್ನು ಒಣಗಿಸಿ ತೂಗಿದಾಗ ಏಳುನೂರು ಗ್ರಾಂನಲ್ಲಿ ಐವತ್ತರಷ್ಟು ಕಡಿಮೆಯಾಗಿತ್ತು. ಸಿಲಿಕಾವು ಡಬ್ಬಿಯ ತೇವಾಂಶವನ್ನು ಶೇ. 55ರ ಆಸುಪಾಸಿನಲ್ಲಿ ಇಡುತ್ತಾ ತನ್ನ ತೂಕದ ಸುಮಾರು ಕಾಲು ಭಾಗದಷ್ಟು ನೀರನ್ನಷ್ಟೇ ಹಿಡಿಯಬಲ್ಲದು, ಎಂದರೆ ಅರ್ಧ ಕೆಜಿಗೆ ನೂರಿಪ್ಪತ್ತು ಗ್ರಾಂ ಎಂದುಕೊಳ್ಳಿ. ಎರಡು ಜೋಡಿ ಟ್ರೀಗಳೇ ಅದರ ಬಹುಪಾಲನ್ನು ತಿಂದುಹಾಕಿದರೆ ಚರ್ಮದ ತೇವವನ್ನು ಎಳೆಯುವುದಕ್ಕೆ ಉಳಿಯುವುದೇನು?

ಆದ್ದರಿಂದ ಈಗ ಟ್ರೀಗಳನ್ನು ಮೇ ತಿಂಗಳ ಬಿಸಿಲಿನಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸುತ್ತೇನೆ. ಮಳೆ ಬೇಗ ಬಂದ ವರ್ಷ ಅಡಿಕೆ ಒಣಗಿಸುವ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೂ ಉಂಟು. ಹೊಗೆಯ ವಾಸನೆ ಸ್ವಲ್ಪ ಉಳಿಯುತ್ತದೆ, ಆದರೆ ಮರ ಚೆನ್ನಾಗಿ ಒಣಗುತ್ತದೆ. ಹೀಗೆ ಒಣಗಿದ ಟ್ರೀ ಸಿಲಿಕಾದ ಮೇಲೆ ಹೊರೆಯಾಗುವ ಬದಲು ಶೂ ಒಳಗಿನ ತೇವವನ್ನು ತಾನೇ ಹೀರುತ್ತದೆ. ವಾರ್ನಿಷ್ ಹಚ್ಚಿದ ಟ್ರೀ ಆಕಾರ ಕಾಯುತ್ತದೆಯೇ ಹೊರತು ಈ ಕೆಲಸಕ್ಕೆ ಬಾರದು.

ದುಡ್ಡು ಉಳಿಸಲು ನಮ್ಮೂರಿನ ಬಡಗಿಯಿಂದ ಹಲಸಿನ ಮರದಲ್ಲಿ ನಾನೂರು ರೂಪಾಯಿಗೆ ಒಂದು ಜೋಡಿ ಮಾಡಿಸಿಯೂ ನೋಡಿದೆ. ತೇವ ಹೀರುವುದರಲ್ಲಿ ಅದು ಸೀಡರ್‌ಗೆ ಕಡಿಮೆಯೇನಲ್ಲ, ಆದರೆ ತಿಳಿ ಬಣ್ಣದ ಒಳಚರ್ಮಕ್ಕೆ ಹಳದಿ ಕಲೆ ಬಿತ್ತು. ಕಪ್ಪು ಒಳಪದರದ ಶೂಗಳಿಗೆ ಮಾತ್ರ ಅದನ್ನು ಬಳಸುತ್ತೇನೆ. ಕಪಾಟಿನಲ್ಲಿ ತೂಗುಹಾಕುವ, ನೀರು ತುಂಬಿಕೊಳ್ಳುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲವನ್ನೂ ಪರೀಕ್ಷಿಸಿದೆ. ಅದು ಸೋರಿದರೆ ಚರ್ಮದ ಕಥೆ ಮುಗಿಯಿತು, ಶೂ ಡಬ್ಬಿಯೊಳಗೆ ಬೇಡ.

ಕ್ಯಾನ್ವಾಸಿನ ಗೋಳು ಬೇರೆ. ಅದರ ಹತ್ತಿಬಟ್ಟೆಯಲ್ಲಿ ಉಳಿದ ಬೆವರು ಮತ್ತು ಸೋಪೇ ಬೂಷ್ಟಿಗೆ ಊಟ. ಒಳಪಟ್ಟಿಯನ್ನು ಕಿತ್ತು, ನೊರೆ ನಿಲ್ಲುವ ತನಕ ಜಾಲಿಸಿ, ಬಿಸಿಲಿಗೆ ಒಣಗಿಸಿ, ಒಳಗೆ ಒಣಗಿದ ಹಳೆಯ ಪಂಚೆಯ ತುಂಡುಗಳನ್ನು ತುಂಬುತ್ತೇನೆ. ಕೊನೆಯ ಜಾಲಾಟದ ನೀರಿಗೆ ಏನನ್ನು ಬೆರೆಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಡಬ್ಬಿ ಮುಚ್ಚಿದ ಹತ್ತು ದಿನಗಳಲ್ಲಿ ಒಮ್ಮೆ ಸಿಲಿಕಾ ಬದಲಿಸಿದರೆ, ಆಮೇಲೆ ತಿಂಗಳಿಗೊಮ್ಮೆ ಸಾಕಾಗುತ್ತದೆ. ಮಾಪಕ ಅರವತ್ತು ದಾಟಿದರೆ ಕಾಯುವುದಿಲ್ಲ. ನಲವತ್ತಕ್ಕಿಂತ ಕೆಳಗಿಳಿದರೆ ಚರ್ಮ ಬಿರುಸಾಗುವುದರಿಂದ ಒಂದೆರಡು ಪೊಟ್ಟಣ ತೆಗೆದುಬಿಡುತ್ತೇನೆ. ತೇವ ಹೀರಿದ ಹರಳುಗಳನ್ನು ಮತ್ತೆ ಬಳಸಲು ಕಾಗದದ ಪೊಟ್ಟಣದಿಂದ ಬಿಡಿಸಿ, ಅದಕ್ಕೇ ಮೀಸಲಿಟ್ಟ ತಟ್ಟೆಯಲ್ಲಿ ಹರಡಿ, 120 ಡಿಗ್ರಿಯ ಓವನ್‌ನಲ್ಲಿ ಎರಡು ಗಂಟೆ ಇಟ್ಟು, ತಣಿಯುವ ಮೊದಲೇ ಬಿಗಿಡಬ್ಬಿಗೆ ಸುರಿಯಬೇಕು. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅದನ್ನು ನಾನು ಅಡುಗೆಮನೆಗೆ ತರುವುದಿಲ್ಲ.

ಬಿಳಿ ಪುಡಿ ಕಂಡೊಡನೆ ಬೂಷ್ಟು ಎಂದು ಗಾಬರಿಯಾಗಬೇಡಿ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಗೆ ಕರಗಿ ಮಾಯವಾದರೆ ಅದು ಚರ್ಮದಿಂದ ಹೊರಬಂದ ಜಿಡ್ಡು. ಹಾಗೇ ಉಳಿದು ಮುಗ್ಗಲು ವಾಸನೆ ಬಂದರೆ ಬೂಷ್ಟು. ಇನ್ನು ಪಾಲಿಯುರಿಥೇನ್ ಅಟ್ಟೆಯ ಶೂಗಳ ವಿಷಯದಲ್ಲಿ ಈ ವಿಧಾನಕ್ಕೆ ಮಿತಿಯಿದೆ. ಹಿಂದಿನ ವರ್ಷಗಳ ತೇವದಿಂದ ಈಗಾಗಲೇ ಪುಡಿಯಾಗತೊಡಗಿದ ಅಟ್ಟೆಯನ್ನು ಸಿಲಿಕಾ ಮತ್ತೆ ಗಟ್ಟಿಮಾಡುವುದಿಲ್ಲ, ಅಂಥವನ್ನು ಗೆಳೆಯರು ತಂದರೆ ಹಿಂದಕ್ಕೆ ಕಳಿಸುತ್ತೇನೆ.